ಕಲ್ಲಿನಲ್ಲಿ ಇಲ್ಲದ್ದನ್ನು ಓದಬೇಡಿ

ಈಚೆಗೆ ನಮ್ಮವರಲ್ಲಿ ಒಂದು ರೂಢಿ ಬೆಳೆದಿದೆ. ಊರ ಗುಡಿಯ ಮುಂದಿನ ಶಾಸನವನ್ನು ಮೊಬೈಲಿನಲ್ಲಿ ಹಿಡಿದು, ಅದರಲ್ಲಿ ‘ಬಸವ’, ‘ಈಶ್ವರ’ ಎಂಬ ಎರಡು ಶಬ್ದ ಸಿಕ್ಕರೆ ಸಾಕು, ಅದು ಲಿಂಗಾಯತ ಶಾಸನವೆಂದು ಕರಪತ್ರ ಅಚ್ಚು ಹಾಕಿಸುವುದು. ಕಲಬುರಗಿಯಲ್ಲಿ ಕುಳಿತು, ಕಮಲಾಪುರದ ಕಡೆಯಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಬರುವ ಇಂಥ ಫೋಟೊಗಳನ್ನು ಓದುವವನು ನಾನು. ಈ ಅವಸರ ನಮ್ಮ ಚಳವಳಿಗೆ ಬಲ ಕೊಡುವುದಿಲ್ಲ. ಎದುರಾಳಿಯ ಕೈಗೆ ಕೋಲು ಕೊಡುತ್ತದೆ.

ನಮ್ಮ ಸೀಮೆಯ ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳನ್ನೇ ನೋಡೋಣ: “ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಸರ್ವನಮಸ್ಯವಾಗಿ ಬಿಟ್ಟ ಕೆಯಿ ಮತ್ತರು 12.” ಇಂದಿನ ಕನ್ನಡದ ಕಿವಿಯಿಂದ ಕೇಳಿದರೆ ಕಾಲು ಕಚ್ಚಿದರು, ಎಲ್ಲರೂ ನಮಸ್ಕರಿಸಿದರು, ಕೈ ಬಿಟ್ಟರು ಎಂದಾದೀತು. ನಿಜವಾದ ಅರ್ಥವೇ ಬೇರೆ. ಹಳಗನ್ನಡದಲ್ಲಿ ‘ಕರ್ಚು’ ಎಂಬುದಕ್ಕೆ ಕಚ್ಚು ಎಂಬ ಅರ್ಥದ ಜೊತೆಗೆ ತೊಳೆ ಎಂಬ ಅರ್ಥವೂ ಉಂಟು; ದಾನದ ಮಾತಿನಲ್ಲಿ ಎರಡನೆಯದೇ ಸರಿ. ‘ಕೆಯಿ’ ಅಂದರೆ ಹೊಲ. ‘ಸರ್ವನಮಸ್ಯ’ ಅಂದರೆ ತೆರಿಗೆಯಿಲ್ಲದ ದತ್ತಿ. ಹೀಗಾಗಿ ಹೊಸಗನ್ನಡದಲ್ಲಿ ಅದು, “ಗುರುಗಳ ಕಾಲು ತೊಳೆದು, ಧಾರೆಯೆರೆದು, ತೆರಿಗೆಯಿಲ್ಲದಂತೆ ಬಿಟ್ಟುಕೊಟ್ಟ ಹೊಲ 12 ಮತ್ತರು” ಎಂದಾಗುತ್ತದೆ. ‘ಗುರುಗಳ’ ಎಂಬುದು ಈ ತುಣುಕಿನಲ್ಲಿಲ್ಲ, ಶಾಸನದ ಹಿಂದಿನ ಸಾಲಿನಿಂದ ತಂದದ್ದು. ಹಾಗೆ ತಂದದ್ದನ್ನು ಕಂಸದಲ್ಲಿಟ್ಟು ತೋರಿಸಬೇಕು. ಮತ್ತರನ್ನು ಎಕರೆಗೆ ತಿರುಗಿಸಲೂ ಬೇಡಿ. ಅಳೆಯುವ ಗಳೆ ಊರಿಂದೂರಿಗೆ ಬೇರೆಯಿತ್ತು.

ಇನ್ನು ‘ಈಶ್ವರ’. ಒಂದು ಕಲ್ಲಿನಲ್ಲಿ ‘ಚಾಳುಕ್ಯ ವಿಕ್ರಮ ವರ್ಷದ ೨೨ನೆಯ ಈಶ್ವರ ಸಂವತ್ಸರ’ ಎಂದಿದೆ ಅನ್ನೋಣ. ಇಲ್ಲಿ ಈಶ್ವರನೆಂದರೆ ಶಿವನಲ್ಲ, ಅರವತ್ತು ಸಂವತ್ಸರಗಳಲ್ಲಿ ಹನ್ನೊಂದನೆಯದರ ಹೆಸರು. ಆರನೆಯ ವಿಕ್ರಮಾದಿತ್ಯನ ಈ ವರ್ಷಗಣನೆ 1076ರ ನಳ ಸಂವತ್ಸರದಿಂದ ಮೊದಲಾಗುತ್ತದೆ. ಅಲ್ಲಿಂದ ಎಣಿಸಿದರೆ 22ನೆಯ ವರ್ಷ 1097, ಅದು ಈಶ್ವರವೇ. ಸವೆದ ಕಲ್ಲಿನಲ್ಲಿ ೨ನ್ನು ೩ ಎಂದು ಓದಿ 32 ಮಾಡಿದರೆ 1107 ಆಗುತ್ತದೆ, ಆದರೆ ಆ ವರ್ಷದ ಹೆಸರು ಸರ್ವಜಿತು. ಅಂಕಿ ತಪ್ಪಿದರೆ ಸಂವತ್ಸರ ಹಿಡಿದುಕೊಡುತ್ತದೆ. 1097ರ ಕಲ್ಲಿನಲ್ಲಿ ‘ಬಸವ’ ಎಂದು ಕಂಡರೆ ಅದು ಯಾರದೋ ಹೆಸರು, ಇಲ್ಲವೆ ಎತ್ತು; ಹನ್ನೆರಡನೆಯ ಶತಮಾನದ ಬಸವಣ್ಣನವರಂತೂ ಅಲ್ಲ. ಬಸವಣ್ಣನವರನ್ನು ಹೆಸರಿಸುವ ಶಾಸನ ಬೇಕೆಂದರೆ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿದೆ. ಸೇವುಣ ದೊರೆ ಕನ್ನರನ ಕಾಲದ್ದು, 1260ರದು. ಒಂದು ಗಟ್ಟಿ ಕಲ್ಲಿರುವಾಗ ಹತ್ತು ಪೊಳ್ಳು ಕಲ್ಲುಗಳೇಕೆ?

ಫೋಟೊದಲ್ಲೇ ಕೆಡುಕು ಆರಂಭವಾಗುತ್ತದೆ. ಭಕ್ತಿಯಿಂದ ಎಣ್ಣೆ, ಕುಂಕುಮ, ವಿಭೂತಿ ಬಳಿದ ಕಲ್ಲಿನ ಗೆರೆಗಳು ತುಂಬಿಹೋಗಿರುತ್ತವೆ. ಅಕ್ಷರ ಕಾಣಲೆಂದು ಬಣ್ಣ ತುಂಬಿದರೆ ಇನ್ನೂ ಕೆಟ್ಟದ್ದು. ಆಗ ನಾವು ಓದುವುದು ಶಿಲ್ಪಿಯ ಅಕ್ಷರವನ್ನಲ್ಲ, ಬಣ್ಣ ಬಳಿದವನ ಊಹೆಯನ್ನು. ನೀರು, ಮೆತ್ತನೆಯ ಬ್ರಷ್ ಸಾಕು. ನಡುಹಗಲಲ್ಲಿ ತೆಗೆಯಬೇಡಿ. ಮುಂಜಾನೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ. ನೇರ ಎದುರು ನಿಂತು, ಒಂದು ತುಂಡಿನ ಅಂಚು ಮುಂದಿನದರಲ್ಲೂ ಬರುವಂತೆ ಹಲವು ಚಿತ್ರ ತೆಗೆಯಿರಿ. ಆಗಲೂ ಚ, ವಗಳ ನಡುವೆ, ದ, ಧಗಳ ನಡುವೆ ಸಂಶಯ ಉಳಿಯುತ್ತದೆ. ಎ, ಏಗಳ ಹ್ರಸ್ವ-ದೀರ್ಘವನ್ನಂತೂ ಆ ಲಿಪಿಯೇ ಬೇರೆ ಮಾಡಿ ತೋರಿಸುವುದಿಲ್ಲ. ಅರ್ಥ ನೋಡಿ ತೀರ್ಮಾನಿಸಬೇಕು.

ಆದ್ದರಿಂದ ನಮ್ಮ ಪತ್ರಿಕೆಗಳ ಸಂಪಾದಕರಲ್ಲಿ, ಮಠಗಳ ಪೂಜ್ಯರಲ್ಲಿ ನನ್ನ ಒತ್ತಾಯ ಇಷ್ಟೇ. ಹೊಸಗನ್ನಡದ ಸಾರವನ್ನು ಮಾತ್ರ ಅಚ್ಚು ಹಾಕಬೇಡಿ. ಚಿತ್ರ ಹಾಕಿ, ಅದರ ಕೆಳಗೆ ಕಲ್ಲಿನಲ್ಲಿದ್ದಂತೆ ಸಾಲು ಸಾಲಾಗಿ ಮೂಲಪಾಠ ಹಾಕಿ, ಸಂಶಯದ ಅಕ್ಷರಕ್ಕೆ ಕಂಸ, ಅಳಿಸಿದ್ದಕ್ಕೆ ಚುಕ್ಕೆ ಇಡಿ. ‘ಪಳ್ಳ’ ಎಂದಿದ್ದರೆ ‘ಹಳ್ಳ’ ಎಂದು, ‘ಕೆಱೆ’ ಎಂದಿದ್ದರೆ ‘ಕೆರೆ’ ಎಂದು ಮೂಲದಲ್ಲೇ ತಿದ್ದಬೇಡಿ. ಪಕಾರ ಹಕಾರವಾದ ಕಾಲದ ಗುರುತು ಅದು. ತಿದ್ದಿದರೆ ಕಲ್ಲಿನ ವಯಸ್ಸು ತಿಳಿಸುವ ಒಂದು ಸಾಕ್ಷಿ ಹೋಯಿತು. ಬದಲಾದ ರೂಪಗಳನ್ನು ಟಿಪ್ಪಣಿಯಲ್ಲಿ ಹೇಳಿ, ಆಮೇಲೆ ಹೊಸಗನ್ನಡ ಕೊಡಿ. ಓದುಗನಿಗೆ ನಮ್ಮ ಓದನ್ನು ಒರೆಹಚ್ಚುವ ಹಕ್ಕಿದೆ. ಕಣ್ಣು ಮುಚ್ಚಿ ನಂಬಿರೆಂದು ಹೇಳಿದವರನ್ನು ಪ್ರಶ್ನಿಸಿ ಬೆಳೆದ ಸಮಾಜ ನಮ್ಮದು. ಶಾಸನದ ವಿಷಯದಲ್ಲಿ ನಾವೇ ಹಾಗೆ ಹೇಳುವುದು ಸಲ್ಲದು.