ಬೇಡ ಎನ್ನುವ ಪತ್ರ

ಅಪಾರ್ಟ್‌ಮೆಂಟಿನ ಹೊರಗೋಡೆಗೆ ಬಣ್ಣ ಹೊಡೆಸಲು ಸಂಘದವರು ಮೂವರು ಗುತ್ತಿಗೆದಾರರಿಂದ ಕೊಟೇಶನ್ ತರಿಸುತ್ತಾರೆ. ಕೆಲಸ ಸಿಗುವುದು ಒಬ್ಬನಿಗೆ. ಉಳಿದ ಇಬ್ಬರಿಗೆ ಏನು ಹೇಳಬೇಕೆಂಬ ಮಾತು ಮಾತ್ರ ಯಾವ ಸಭೆಯ ನಡಾವಳಿಯಲ್ಲೂ ಬರುವುದಿಲ್ಲ. "ಏನಾಯ್ತು ಸಾರ್ ನಮ್ಮ ಕೊಟೇಶನ್?" ಎಂದು ಫೋನು ಬಂದರೆ "ಕಮಿಟೀಲಿ ಇಟ್ಟಿದ್ದೀವಿ, ನೋಡಿ ಹೇಳ್ತೀವಿ" ಎಂದು ಜಾರಿಕೊಳ್ಳುವುದೇ ರೂಢಿ. ನಮ್ಮಲ್ಲಿ ಇದನ್ನೇ ಸೌಜನ್ಯ ಎಂದುಕೊಂಡಿದ್ದೇವೆ.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. ಹೊರಗೋಡೆ 40,000 ಚದರ ಅಡಿ, ಸಂಘದ ಕೈಯಲ್ಲಿರುವುದು 10 ಲಕ್ಷ ರೂಪಾಯಿ. ಮೊದಲನೆಯವನ ದರ ಅಡಿಗೆ 20 ರೂಪಾಯಿ. ಅಂದರೆ 8 ಲಕ್ಷ, ಶೇ. 18ರ ಜಿಎಸ್‌ಟಿ ಸೇರಿ 9.44 ಲಕ್ಷ. ಎರಡನೆಯವನದು 27 ರೂಪಾಯಿ. ತೆರಿಗೆ ಸೇರಿದರೆ ಪೌಣೆ ಹದಿಮೂರು ಲಕ್ಷದ ಹತ್ತಿರ. ಆದರೆ ಅವನು ಗೋಡೆಯ ಬಿರುಕುಗಳನ್ನೆಲ್ಲ ಬಿಡಿಸಿ ತುಂಬುವ ಕೆಲಸವನ್ನೂ ಟೆರೇಸಿನ ವಾಟರ್‌ಪ್ರೂಫಿಂಗನ್ನೂ ಸೇರಿಸಿದ್ದಾನೆ. ನೀರು ಸೋರುವ ಜಾಗಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡು ಬರೆದವನೂ ಅವನೇ. ಮೂರನೆಯವನು ಗೋಡೆಯನ್ನು ಸರಿಯಾಗಿ ನೋಡದೆ ದರ ಬರೆದು ಕಳಿಸಿದ್ದಾನೆ. ಅವನಿಗೆ ಆ ವಾರವೇ ಎರಡು ಸಾಲಿನಲ್ಲಿ ಇಲ್ಲ ಎಂದರೆ ಸಾಕು.

ಕಷ್ಟ ಎರಡನೆಯವನದು. ಅವನು ಸಂಘಕ್ಕೆ ಮುಂದೆ ಬೇಕಾಗುವವನು.

ಅವನಿಗೆ ಹೇಳುವುದಕ್ಕೆ ಒಂದು ಸಮಯವಿದೆ. ಮೊದಲನೆಯವನು ವರ್ಕ್ ಆರ್ಡರಿಗೆ ಸಹಿ ಹಾಕುವ ಮೊದಲೇ ಎರಡನೆಯವನನ್ನು ಕಳಿಸಿಬಿಟ್ಟರೆ, ಮೊದಲನೆಯವನು ಕೈಕೊಟ್ಟ ದಿನ ಸಂಘ ಪೇಚಿಗೆ ಸಿಕ್ಕುತ್ತದೆ. ಹಾಗೆಂದು ಕೊಟೇಶನ್ನಿನ ಅವಧಿ, ಸಾಮಾನ್ಯವಾಗಿ 30 ದಿನ, ಮುಗಿಯುವವರೆಗೂ ಬಾಯಿ ಬಿಡದಿರುವುದು ಅನ್ಯಾಯ. ಅಷ್ಟು ದಿನ ಅವನು ಆಳುಗಳನ್ನೂ ಸಾರುವೆ ಸಾಮಾನನ್ನೂ ಬೇರೆ ಕಡೆಗೆ ಒಪ್ಪಿಸದೆ ಕಾಯುತ್ತಿರಬಹುದು. "ಇನ್ನೊಬ್ಬರ ಜೊತೆ ಮಾತು ಮುಂದುವರಿದಿದೆ, ಹದಿನೈದನೇ ತಾರೀಖಿನೊಳಗೆ ಖಚಿತ ಹೇಳುತ್ತೇವೆ, ಅಷ್ಟರಲ್ಲಿ ನಿಮಗೆ ಬೇರೆ ಕೆಲಸ ಬಂದರೆ ಒಪ್ಪಿಕೊಳ್ಳಿ" ಎಂದು ಹೇಳಿಬಿಟ್ಟರೆ ಇಬ್ಬರಿಗೂ ಕ್ಷೇಮ.

ಇನ್ನು ಕಾರಣ. ಎಲ್ಲರ ನಾಲಿಗೆಯ ತುದಿಯಲ್ಲಿರುವುದು "ನಿಮ್ಮ ರೇಟು ಜಾಸ್ತಿ ಆಯ್ತು" ಎಂಬ ಮಾತು. ಇದರಷ್ಟು ಕೆಡುಕಿನ ಮಾತು ಇನ್ನೊಂದಿಲ್ಲ. ಕೇಳಿದವನು ಅದನ್ನು ಚೌಕಾಸಿಯ ಕರೆ ಎಂದೇ ತಿಳಿಯುತ್ತಾನೆ. ಮೂರು ದಿನದಲ್ಲಿ 22 ರೂಪಾಯಿಯ ಹೊಸ ಕೊಟೇಶನ್ ಬರುತ್ತದೆ. ಬಿಡಿಸಿ ನೋಡಿದರೆ ಬಿರುಕು ತುಂಬುವ ಸಾಲು ಮಾಯವಾಗಿರುತ್ತದೆ, ಪ್ರೈಮರ್ ಹೋಗಿರುತ್ತದೆ. ಯಾವ ಗುಣಕ್ಕಾಗಿ ಅವನು ಬೇಕಾಗಿದ್ದನೋ ಅದನ್ನೇ ಅವನ ಕೈಯಿಂದ ಕಳಚಿಸಿದ ಹಾಗಾಯಿತು. ಇಲ್ಲಿ ನಿಜವಾದ ಕಾರಣ ದರವಲ್ಲ: ಟೆರೇಸಿನ ಕೆಲಸವನ್ನು ಈ ವರ್ಷ ಕೈಗೆತ್ತಿಕೊಳ್ಳಲು ಸಂಘಕ್ಕೆ ಆಗುತ್ತಿಲ್ಲ. ಅದನ್ನೇ ಬರೆಯಬೇಕು. ಒಂದೇ ಕಾರಣ ಸಾಕು; ನಾಲ್ಕು ಕೊಟ್ಟರೆ ನಾಲ್ಕಕ್ಕೂ ಉತ್ತರ ಬರುತ್ತದೆ. ಗೆದ್ದವನ ದರವನ್ನು ಹೇಳುವುದಂತೂ ಬೇಡ. ಇವತ್ತು ಅವನ ದರ ಇವನಿಗೆ ಹೇಳಿದವರು ನಾಳೆ ಇವನ ದರ ಇನ್ನೊಬ್ಬನಿಗೆ ಹೇಳುತ್ತಾರೆಂದು ಗುತ್ತಿಗೆದಾರರಿಗೆ ಗೊತ್ತು.

ಪತ್ರ ಹೀಗಿದ್ದರಾಯಿತು: "ಮಾನ್ಯರೇ, ಈ ಬಾರಿಯ ಬಣ್ಣದ ಕೆಲಸವನ್ನು ಬೇರೆಯವರಿಗೆ ವಹಿಸಿದ್ದೇವೆ. ವಾಟರ್‌ಪ್ರೂಫಿಂಗ್ ಸೇರಿದ ನಿಮ್ಮ ಯೋಜನೆ ಈ ವರ್ಷದ ನಮ್ಮ ಹಣಕ್ಕೆ ಹೊಂದಲಿಲ್ಲ. ಸೋರುವ ಜಾಗಗಳನ್ನು ನೀವು ಗುರುತಿಸಿದ್ದು ನಮಗೆ ಉಪಯೋಗವಾಗಿದೆ. ಟೆರೇಸಿನ ಕೆಲಸದ ಪ್ರಸ್ತಾವವನ್ನು ವಾರ್ಷಿಕ ಸಭೆಯ ಮುಂದಿಡುತ್ತೇವೆ. ಒಪ್ಪಿಗೆ ಸಿಕ್ಕರೆ ಫೆಬ್ರವರಿಯಲ್ಲಿ ನಿಮ್ಮಿಂದ ಹೊಸ ಕೊಟೇಶನ್ ಕೇಳುತ್ತೇವೆ."

ಫೆಬ್ರವರಿ ಎಂದು ಹೇಳುವುದಕ್ಕೆ ಕಾರಣವಿದೆ. ವಾಟರ್‌ಪ್ರೂಫಿಂಗಿಗೆ ಟೆರೇಸು ಒಣಗಿರಬೇಕು, ಜೂನ್ ಮಳೆಗೆ ಮುಂಚೆ ಕೆಲಸ ಮುಗಿಯಬೇಕು. ತಿಂಗಳು ಹೇಳಿದಾಗ ಅದು ಉಪಚಾರದ ಮಾತಲ್ಲ ಎಂದು ಗುತ್ತಿಗೆದಾರನಿಗೂ ಅರ್ಥವಾಗುತ್ತದೆ. "ಒಪ್ಪಿಗೆ ಸಿಕ್ಕರೆ" ಎಂಬ ಷರತ್ತನ್ನೂ ಬಿಡುವಂತಿಲ್ಲ. ಕೊಟೇಶನ್ ಕೇಳುತ್ತೇವೆ ಎನ್ನಬಹುದು, ಕೆಲಸ ಕೊಡುತ್ತೇವೆ ಎನ್ನಬಾರದು. ಮುಂದೆ ಕೊಡಲು ಕೆಲಸವೇ ಇಲ್ಲದಿದ್ದರೆ ಆ ಸಾಲನ್ನೇ ಬರೆಯದಿರುವುದು ಮೇಲು. ಎರಡನೆಯವನು ಗುರುತಿಸಿಕೊಟ್ಟ ಸೋರುವ ಜಾಗಗಳ ಪಟ್ಟಿಯನ್ನು ಗೆದ್ದವನ ಕೈಗಿಟ್ಟು "ಇದನ್ನೂ ಮಾಡಿಬಿಡಿ" ಎನ್ನುವ ಸಂಘಗಳೂ ಇವೆ. ಅದಕ್ಕೆ ಕಳ್ಳತನ ಎನ್ನದೆ ಬೇರೇನು ಹೆಸರಿಡುವುದು?

ಸರ್ಕಾರಿ ಕಚೇರಿಗಳನ್ನು ಬೈಯುವುದು ನಮಗೆ ಸುಲಭ. ಆದರೆ ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಟೆಂಡರಿನಲ್ಲಿ ಸೋತವನ ಠೇವಣಿಯನ್ನು ಗುತ್ತಿಗೆ ವಹಿಸಿದ 30ನೇ ದಿನದೊಳಗೆ ಹಿಂದಿರುಗಿಸಬೇಕು. ಟೆಂಡರ್ ಏಕೆ ತಿರಸ್ಕೃತವಾಯಿತೆಂದು ಅವನು ಕೇಳಿದರೆ ಕಾರಣ ತಿಳಿಸಬೇಕು. ನಮ್ಮ ಸಂಘಗಳಿಗೆ ಅಂಥ ಕಟ್ಟುಪಾಡಿಲ್ಲ. ಸೆಕ್ರೆಟರಿಗಳು ವರ್ಕ್ ಆರ್ಡರಿಗೆ ಸಹಿ ಬಿದ್ದ ದಿನವೇ ಆ ಇನ್ನೊಂದು ಪತ್ರವನ್ನೂ ಬರೆದು ಕಳಿಸಲಿ.