ಬಾದಾಮಿಗಿಂತ ಮೊದಲು ಗಡಿಯಾರ ನೋಡಿ

ಫೆಬ್ರವರಿ ಬಂತೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಮನೆಗಳಲ್ಲಿ ನೆನೆಸಿಟ್ಟ ಬಾದಾಮಿಯ ಬಟ್ಟಲು ಕಾಣಿಸಿಕೊಳ್ಳುತ್ತದೆ. ಕನ್ನಡದ ಮನೆಯಾದರೆ ಅದರ ಪಕ್ಕದಲ್ಲಿ ಊರಿನಿಂದ ಬಂದ ಒಂದೆಲಗದ ಪುಡಿಯೂ ಇರುತ್ತದೆ. ಇವುಗಳಲ್ಲಿ ತಪ್ಪೇನಿಲ್ಲ. ಆದರೆ ಹತ್ತು ಬಾದಾಮಿಯಲ್ಲಿ ಸಿಗುವುದು ಸುಮಾರು 70 ಕ್ಯಾಲರಿ, ಎರಡೂವರೆ ಗ್ರಾಂ ಪ್ರೋಟೀನು. ಒಳ್ಳೆಯ ತಿನಿಸು, ಅಷ್ಟೆ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಶುರುಮಾಡಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ನಿಜವಾದ ತೊಂದರೆ ಇರುವುದು ಸಮಯದ ಲೆಕ್ಕದಲ್ಲಿ. ಮಹಾರಾಷ್ಟ್ರ ಬೋರ್ಡಿನ ಹತ್ತನೆಯ ತರಗತಿಯ ಭಾಷಾ ಪತ್ರಿಕೆ ಬೆಳಿಗ್ಗೆ 11ಕ್ಕೆ ಶುರುವಾಗಿ ಸುಮಾರು 2ರವರೆಗೂ ನಡೆಯುತ್ತದೆ. ಡೊಂಬಿವಲಿಯಲ್ಲಿರುವ, ಕಲ್ಯಾಣದಲ್ಲಿ ಕೇಂದ್ರ ಸಿಕ್ಕಿರುವ ಹುಡುಗಿಯೊಬ್ಬಳ ದಿನವನ್ನು ಊಹಿಸಿಕೊಳ್ಳೋಣ. ಹಿಂದಿನ ರಾತ್ರಿ ಒಂಬತ್ತಕ್ಕೆ ಊಟ. ಬೆಳಿಗ್ಗೆ ಆರಕ್ಕೆ ಎದ್ದು ಚಹಾ, ಎರಡು ಬಿಸ್ಕತ್ತು. ಗಾಬರಿಗೆ ಹೊಟ್ಟೆ ಹಸಿಯುವುದಿಲ್ಲ. ಲೋಕಲ್‌ನ ಗದ್ದಲಕ್ಕೆ ಹೆದರಿ ಒಂಬತ್ತೂಕಾಲಿಗೇ ಮನೆ ಬಿಡುತ್ತಾಳೆ. ಹೊರಡುವಾಗ ಅಮ್ಮ ಅಂಗೈಗೆ ಒಂದು ಚಮಚ ಸಕ್ಕರೆ ಮೊಸರು ಹಾಕುತ್ತಾರೆ. ಶಕುನಕ್ಕೆ ಅದು ಸಾಕು, ಹೊಟ್ಟೆಗೆ ಸಾಲದು. ಎರಡು ಗಂಟೆಗೆ ಹೊರಬರುವಾಗ ಅವಳು ಸರಿಯಾಗಿ ಉಂಡು ಹದಿನೇಳು ಗಂಟೆಯಾಗಿರುತ್ತದೆ.

ಮೆದುಳು ಗಂಟೆಗೆ ಸುಮಾರು ಐದು ಗ್ರಾಂ ಗ್ಲೂಕೋಸ್ ಬಳಸುತ್ತದೆ. ರಾತ್ರಿಯಿಡೀ ಅದನ್ನು ಒದಗಿಸುವುದು ಯಕೃತ್ತಿನ ದಾಸ್ತಾನು. ಬೆಳಗಾಗುವ ಹೊತ್ತಿಗೆ ಅದು ಬಹಳ ಇಳಿದಿರುತ್ತದೆ. ಚೆನ್ನಾಗಿ ಉಂಡು ಬೆಳೆದ ಮಗು ಒಂದು ದಿನ ತಿಂಡಿ ಬಿಟ್ಟರೆ ದೇಹ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಸೊರಗಿದ ಮಗುವಿಗೆ ಅದು ಕಷ್ಟ. ಜಮೈಕಾದ ಶಾಲಾಮಕ್ಕಳ ಮೇಲೆ 1980ರ ದಶಕದಲ್ಲಿ ನಡೆದ ಅಧ್ಯಯನದಲ್ಲಿ ತಿಂಡಿ ತಪ್ಪಿಸಿದಾಗ ಹಿಂದೆ ಬಿದ್ದವರು ಮುಖ್ಯವಾಗಿ ಪೋಷಣೆ ಕಡಿಮೆಯಿದ್ದ ಮಕ್ಕಳೇ.

ಹಾಗಾಗಿ ತಿಂಡಿ ಎಂಟೂವರೆ, ಒಂಬತ್ತರ ನಡುವೆ ಆಗಬೇಕು, ಆರಕ್ಕಲ್ಲ. ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು. ಇಲ್ಲವೇ ಕಡಲೆಬೀಜ ಧಾರಾಳವಾಗಿ ಹಾಕಿದ ಪೋಹೆ, ಮೇಲೆ ನಿಂಬೆರಸ. ಮೊಟ್ಟೆ ತಿನ್ನುವವರಿಗೆ ಚಪಾತಿಯ ಜೊತೆ ಮೊಟ್ಟೆ. ಬೇಳೆ, ಬೀಜ, ಮೊಟ್ಟೆಯಲ್ಲಿ ಯಾವುದಾದರೊಂದು ಇದ್ದರೆ ಹಸಿವು ನಿಧಾನವಾಗಿ ಬರುತ್ತದೆ. ಬರೀ ಬಿಸ್ಕತ್ತು, ಗ್ಲೂಕೋಸ್ ನೀರಿನಿಂದ ಅದು ಆಗುವುದಿಲ್ಲ. ಪರೀಕ್ಷೆಯ ದಿನವೇ ಹೊಸ ತಿಂಡಿ ಬೇಡ. ಒಂದು ವಾರ ಮೊದಲೇ ಅದೇ ಹೊತ್ತಿಗೆ ಅದನ್ನೇ ತಿನ್ನಿಸಿ ನೋಡಿದರೆ ಹೊಟ್ಟೆಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ.

ನೀರಿನ ವಿಷಯ ಇನ್ನೂ ಸೂಕ್ಷ್ಮ. ಅನೇಕ ಹುಡುಗಿಯರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಕಾರಣ ಮರೆವಲ್ಲ, ಪರೀಕ್ಷಾ ಕೇಂದ್ರದ ಶೌಚಾಲಯ. ಐವತ್ತು ಕಿಲೋ ತೂಗುವವರಲ್ಲಿ ಅರ್ಧದಿಂದ ಒಂದು ಲೀಟರು ನೀರಿನ ಕೊರತೆಯಾದರೆ ಗಮನ ಸಡಿಲವಾಗುತ್ತದೆ, ತಲೆನೋವು ಶುರುವಾಗುತ್ತದೆ. ಮಾರ್ಚಿನ ಸೆಕೆಯಲ್ಲಿ ಇಷ್ಟು ಕಳೆದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಎದ್ದ ಕೂಡಲೇ ಎರಡು ಲೋಟ, ತಿಂಡಿಯ ಜೊತೆ ಒಂದು ಲೋಟ, ಆಮೇಲೆ ಗುಟುಕು ಗುಟುಕಾಗಿ ಕುಡಿದು ಒಳಗೆ ಹೋಗುವ ಮುನ್ನ ಒಮ್ಮೆ ಶೌಚಾಲಯಕ್ಕೆ ಹೋಗಿಬಂದರೆ ಸಾಕು. ಮೂತ್ರ ತಿಳಿಹಳದಿ ಇದ್ದರೆ ಸರಿ; ಗಾಢವಾಗಿದ್ದರೆ ನೀರು ಸಾಲದು. ಪಾಲಕರ ಸಭೆಯಲ್ಲಿ ಅಂಕಗಳ ಬಗ್ಗೆ ಕೇಳುವವರು ಶೌಚಾಲಯದ ಬಗ್ಗೆಯೂ ಕೇಳಬೇಕು. ಅದೂ ಏಕಾಗ್ರತೆಯ ಪ್ರಶ್ನೆಯೇ.

ಇದೆಲ್ಲ ಮಾಡಿದರೂ ಸರಿಹೋಗದ ಒಂದು ಕೊರತೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಇದೆ. ಪುಸ್ತಕ ಹಿಡಿದರೆ ತೂಕಡಿಕೆ, ಮೆಟ್ಟಿಲು ಹತ್ತಿದರೆ ಏದುಸಿರು, ಓದಿದ್ದು ತಲೆಗೆ ಹೋಗದಿರುವುದು: ಇವನ್ನು ಮನೆಯವರು ಸೋಮಾರಿತನ ಎನ್ನುತ್ತಾರೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ಸೋಮಾರಿತನವಲ್ಲ, ಡಾಕ್ಟರಿಗೆ ತೋರಿಸಬೇಕಾದ ವಿಷಯ. ಕಬ್ಬಿಣದ ಮಾತ್ರೆ ಫಲ ಕೊಡಲು ವಾರಗಳು, ತಿಂಗಳುಗಳೇ ಬೇಕು. ಊಟದ ಬೆನ್ನಿಗೇ ಚಹಾ ಕುಡಿದರೆ ಆಹಾರದ ಕಬ್ಬಿಣವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆದ್ದರಿಂದ ಈ ಪರೀಕ್ಷೆ ಮಾಡಿಸಬೇಕಾದದ್ದು ಫೆಬ್ರವರಿಯಲ್ಲಲ್ಲ, ದೀಪಾವಳಿ ರಜೆಯಲ್ಲಿ.

ಒಂದೆಲಗದ ತಂಬುಳಿ ರುಚಿಗೆ ಇರಲಿ, ಬಾದಾಮಿಯೂ ಇರಲಿ. ಆದರೆ ಬಾದಾಮಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಆಗಬೇಕಾದದ್ದು ಮಗಳ ರಕ್ತ ಪರೀಕ್ಷೆ.