ಮೌನನೂ ಬರೀಬೇಕು, ಸೆಕೆಂಡ್ ಹಾಕಿ



ಮಹಾಡದ ಚವದಾರ್ ಕೆರೆ ಸತ್ಯಾಗ್ರಹದ ಮೇಲೆ ಒಂಬತ್ತು ನಿಮಿಷದ ವಿಡಿಯೋ ಮಾಡಿದ್ದೆ. ಹಾಕೋಕಿಂತ ಮೊದಲು ಹಿರೋಳ್ಳಿಯಲ್ಲಿ ನಮ್ಮ ಓಣಿ ಕಟ್ಟಿ ಮೇಲೆ ಹಿರಿಯರಿಗೆ ಮೊಬೈಲ್‌ನಾಗ ತೋರಿಸಿದೆ. ಬಾಬಾಸಾಹೇಬರು ನೀರು ಕುಡಿದರು ಅಂದ ಮೇಲೆ ಎಂಟು ಸೆಕೆಂಡ್ ದನಿ ನಿಲ್ಲಿಸಿದ್ದೆ. ಕೆರೆಯ ಒಂದು ಫೋಟೋ, ಸದ್ದೇ ಇಲ್ಲ. ನಾನಂತೂ ಭಾರೀ ಪರಿಣಾಮ ಆಗ್ತದ ಅಂದುಕೊಂಡಿದ್ದೆ. ನಾಲ್ಕನೇ ಸೆಕೆಂಡಿಗೆ ಕಾಕಾ ಸ್ಕ್ರೀನ್ ಒತ್ತಿ, "ತಮ್ಮಾ, ನೆಟ್ ಹೋತೇನೋ?" ಅಂದರು.

ಕಾಕಾನ ತಪ್ಪಲ್ಲ. ಸಿನಿಮಾ ಹಾಲ್‌ನಾಗ ಮೌನ ಮೌನವೇ. ಮೊಬೈಲ್‌ನಾಗ ಚಿತ್ರ ಅಲುಗಾಡದೆ ಸದ್ದೂ ನಿಂತರೆ ಅದು ಕೆಟ್ಟ ಸಿಗ್ನಲ್. ಅದಕ್ಕ ಈಗ ದನಿ ನಿಂತಾಗ ಸ್ಥಳದ ಸದ್ದು ನಿಲ್ಲಂಗಿಲ್ಲ. ನೀರಿನ ಸಪ್ಪಳ, ಗಾಳಿ, ದೂರದ ಗಾಡಿ, ಇಷ್ಟು ಇದ್ದರೆ ಸಾಕು. ಎಲ್ಲಿ ಶೂಟ್ ಮಾಡಿದರೂ ಯಾರೂ ಮಾತಾಡದೆ ಒಂದು ನಿಮಿಷ ಬರೀ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಫೋಟೋ ಬದಲು ಗೆಳೆಯರು ಮಹಾಡದಾಗ ತೆಗೆದ ಶಾಟ್ ಹಾಕಿದೆ, ಮೆಟ್ಟಿಲಿಗೆ ನೀರು ಬಡಿಯೋದು. ಏನೋ ಅಲುಗಾಡ್ತಾ ಇದ್ದರೆ ಬೆರಳು ಸ್ಕ್ರೀನಿಗೆ ಹೋಗೋದಿಲ್ಲ.

ಆದರೆ ನನ್ನ ದೊಡ್ಡ ತಪ್ಪು ಬೇರೆ ಇತ್ತು, ಅದು ಸ್ಕ್ರಿಪ್ಟ್‌ನಾಗೇ ಇತ್ತು. 1923ರ ಬೊಂಬಾಯಿ ಶಾಸನ ಪರಿಷತ್ತಿನ ಠರಾವು, 1924ರ ಮಹಾಡ ಪುರಸಭೆಯ ಠರಾವು, 1927ರ ಮಾರ್ಚ್ 20, ಆಮೇಲೆ 1937ರ ಹೈಕೋರ್ಟ್ ತೀರ್ಪು, ಎಲ್ಲಾ ಒಂದೇ ಉಸಿರಿಗೆ ಹೇಳಿ, ಕೊನೆಗೆ ಜೈಕಾರ ಹಾಕಿದಂಗ ಮೌನ ಇಟ್ಟಿದ್ದೆ. ಕೇಳುವವರಿಗೆ ಆ ಮೌನದಾಗ ಮಾಡೋ ಕೆಲಸವೇ ಇರಲಿಲ್ಲ. ಕುಡಿದರು, ಗೆದ್ದರು, ಮುಗೀತು. ಮೌನ ಬೇಕಾದದ್ದು ಪ್ರಶ್ನೆ ಹುಟ್ಟೋ ಜಾಗದಾಗ. ಹೀಗೆ ತಿದ್ದಿದೆ:

ಕೆರೆ ಎಲ್ಲರದು ಅಂತ 1924ರಲ್ಲಿ ಪುರಸಭೆಯೇ ಠರಾವು ಮಾಡಿತು.
(2 ಸೆಕೆಂಡ್. ಕೆರೆ, ದೂರದಿಂದ)
ಠರಾವು ಕಾಗದದಲ್ಲೇ ಉಳಿಯಿತು.
(6 ಸೆಕೆಂಡ್. ಖಾಲಿ ಮೆಟ್ಟಿಲು, ನೀರಿನ ಸಪ್ಪಳ)
ಆ ಮೆಟ್ಟಿಲು ಇಳಿಯೋಕೆ 1927ರ ಮಾರ್ಚ್ 20 ಬರಬೇಕಾಯಿತು.

ಉದ್ದ ಮೌನ "ಕಾಗದದಲ್ಲೇ ಉಳಿಯಿತು" ಅನ್ನೋದರ ಮೇಲೆ ಬಂತು. ಆ ಆರು ಸೆಕೆಂಡ್‌ನಾಗ ಕೇಳುವವರು ತಮ್ಮೂರಿನ ಹೋಟೆಲು, ಗುಡಿ, ನಲ್ಲಿ ನೆನಸಿಕೊಳ್ತಾರ. ಖಾಲಿ ಮೆಟ್ಟಿಲು ಕಣ್ಣ ಮುಂದ ಇರ್ತದ, ಯಾರು ಇಳೀತಾರ ಅಂತ ಕಾಯ್ತಾರ. ಮೌನ ಮುಗಿದ ಮೇಲಿನ ವಾಕ್ಯ ಅದೇ ಮೆಟ್ಟಿಲನ್ನ ಹಿಡ್ಕೊಂಡೇ ಶುರುವಾಗ್ತದ. ಅಲ್ಲಿ ಹೊಸ ಹೆಸರು, ಹೊಸ ಇಸವಿ ತಂದಿಟ್ಟಿದ್ದರೆ ಹಿಂದೆ ಉಳಿದವರು ಹಿಂದೆಯೇ ಉಳೀತಿದ್ದರು. 1923 ಮತ್ತು 1937 ಎರಡನ್ನೂ ಅಲ್ಲಿಂದ ತೆಗೆದು ಮುಂದಿನ ಭಾಗಕ್ಕೆ ಒಯ್ದೆ.

ನೀರು ಕುಡಿದದ್ದಾದ ಮೇಲೆ ಮೌನನೇ ಇಡಲಿಲ್ಲ. ಸವರ್ಣರು ಸೆಗಣಿ, ಗಂಜಲ ಹಾಕಿ ಕೆರೆ "ಶುದ್ಧ" ಮಾಡಿದ್ದನ್ನ ತಕ್ಷಣ ಹೇಳಿಬಿಟ್ಟೆ. ಅದು ನಡೆದದ್ದೂ ಹಂಗೇ, ಸಂಭ್ರಮ ಪಡೋಕೆ ಬಿಡಲಿಲ್ಲ. ಎಲ್ಲಾ ಕಡೆ ಮೌನ ಇಟ್ಟರೆ ಯಾವುದೂ ಮೌನ ಅಲ್ಲ. ನನ್ನ ಲೆಕ್ಕದಾಗ ಮೂರು ನಿಮಿಷಕ್ಕೆ ಒಂದು ಉದ್ದನೆಯದು ಸಾಕು.

ಒಂದು ಮಾತು ಕಟುವಾಗಿ ಹೇಳ್ತೀನಿ. ದೌರ್ಜನ್ಯದ ಫೋಟೋ ಹಾಕಿ, ಹಿಂದೆ ಕೊಳಲು ಊದಿಸಿ ಹತ್ತು ಸೆಕೆಂಡ್ ನಿಲ್ಲಿಸೋದು ಮೌನ ಅಲ್ಲ, ಅದು ಅಳಿಸೋ ವ್ಯಾಪಾರ. ಹಂಗೇ ಮೌನದಾಗ ಸ್ಕ್ರೀನ್ ಮೇಲೆ ಅಕ್ಷರ ತುಂಬೋದೂ ಬೇಡ, ಓದೋ ಮನಸ್ಸಿಗೆ ಚಿತ್ರ ಕಾಣೋದಿಲ್ಲ.

ಇನ್ನೊಂದು ಎಚ್ಚರ. ಎಡಿಟ್ ಮಾಡೋ ಗೆಳೆಯನಿಗೆ ಬರೀ ಆಡಿಯೋ ಕಳಿಸಿದ್ದೆ. ಖಾಲಿ ಜಾಗ ತಾನೇ ಕತ್ತರಿಸೋ ಬಟನ್ ಒತ್ತಿ ಎಲ್ಲಾ ಉಸಿರೂ ಕತ್ತರಿಸಿ ವಾಪಸ್ ಕೊಟ್ಟ. ಅವನಿಗೆ ಹೆಂಗ ಗೊತ್ತಾಗಬೇಕು? ಅದಕ್ಕೇ ಸೆಕೆಂಡ್, ಚಿತ್ರ, ಸದ್ದು ಮೂರನ್ನೂ ಸ್ಕ್ರಿಪ್ಟ್‌ನಾಗ ಬರೆದು ಕೊಡಬೇಕು. ಮೊಬೈಲ್ ಹಿಡಿದು ಕೂತು ನೀವು ಅಂದಾಜು ಮಾಡಿದ ಆರು ಸೆಕೆಂಡ್, ಗಡಿಯಾರ ಇಟ್ಟು ನೋಡಿದರೆ ಮೂರೇ ಇರ್ತದ. ಓದೋರಿಗೆ ಮೌನ ಯಾವಾಗಲೂ ಉದ್ದ ಅನಿಸ್ತದ.

ತಿದ್ದಿದ್ದನ್ನ ಮತ್ತೆ ಅದೇ ಕಟ್ಟಿ ಮೇಲೆ ತೋರಿಸಿದೆ. ನಾನು ವಿಡಿಯೋ ನೋಡಲಿಲ್ಲ, ಅವರ ಕೈ ನೋಡ್ತಿದ್ದೆ. ಕಾಕಾನ ಬೆರಳು ಏಳಲಿಲ್ಲ. ಖಾಲಿ ಮೆಟ್ಟಿಲು ಬಂದಾಗ ಪಕ್ಕದಾಗ ಕೂತಿದ್ದ ಆಯಿ ಮೆಲ್ಲಗೆ, "ನನ್ನ ತವರೂರಾಗ ಬಾವಿದೂ ಹಿಂಗೇ ಇತ್ತು..." ಅಂತ ಶುರು ಮಾಡಿದಳು. ಆಕಿ ಮಾತು ಮುಗಿಯೋದ್ರೊಳಗ ನನ್ನ ದನಿ ಬಂದುಬಿಡ್ತು. ಈಗ ಅಲ್ಲಿ ಎಂಟು ಸೆಕೆಂಡ್ ಮಾಡೀನಿ.